ಹಬ್ಬದ ತಿಂಡಿ: ನಿಮಗೆ 100 ರೂಪಾಯಿ, ನಿಮ್ಮ ಸ್ನೇಹಿತರಿಗೆ 75

ನಮಸ್ಕಾರ. ಉಡುಪಿ ರಥಬೀದಿ ಹತ್ತಿರದ ನಿಮ್ಮ ತಿಂಡಿ ಅಂಗಡಿಯಿಂದ ಈ ಮೆಸೇಜ್.

ನವರಾತ್ರಿ ಬಂತು, ಹಿಂದೆಯೇ ದೀಪಾವಳಿ. ಒಲೆ ಮೇಲಿಂದ ಬಾಣಲೆ ಇಳಿಯುವುದೇ ಇಲ್ಲ. ಚಕ್ಕುಲಿಯನ್ನು ಎಂದಿನಂತೆ ತೆಂಗಿನೆಣ್ಣೆಯಲ್ಲೇ ಕರಿಯುತ್ತಿದ್ದೇವೆ. ಎಣ್ಣೆಯ ರೇಟು ಏರಿದರೂ ಅದನ್ನು ಬದಲಿಸುವ ಮನಸ್ಸಿಲ್ಲ. ಆ ಪರಿಮಳಕ್ಕೇ ಅಲ್ವಾ ನೀವು ಬರುವುದು?

ನಮ್ಮಲ್ಲಿಗೆ ಬರುವ ಹೊಸಬರಲ್ಲಿ ಹೆಚ್ಚಿನವರು ನಿಮ್ಮಂಥವರ ಮನೆಯಲ್ಲಿ ತಿಂದು, ಎಲ್ಲಿಯದು ಅಂತ ಕೇಳಿಕೊಂಡು ಬಂದವರು. ಅದಕ್ಕೆ ಈ ಹಬ್ಬಕ್ಕೆ ನಮ್ಮ ಕಡೆಯಿಂದ ಒಂದು ಉಡುಗೊರೆ.

ನಿಮ್ಮ ಸ್ನೇಹಿತರೊಬ್ಬರು ನಮ್ಮಲ್ಲಿ ಮೊದಲ ಸಲ 600 ರೂಪಾಯಿ ಅಥವಾ ಜಾಸ್ತಿಯ ತಿಂಡಿ ಕೊಂಡರೆ, ಅವರ ಬಿಲ್ಲಿನಲ್ಲಿ 75 ರೂಪಾಯಿ ಕಡಿಮೆ. ಅವರು ದುಡ್ಡು ಕೊಟ್ಟು, ತಿಂಡಿ ಕೈ ಸೇರಿದ ಮೇಲೆ ನಿಮ್ಮ ಹೆಸರಿಗೆ 100 ರೂಪಾಯಿ ಜಮಾ. ಆಗ ನಿಮಗೆ ಮೆಸೇಜ್ ಬರುತ್ತದೆ.

ಅವರು ಮಾಡಬೇಕಾದ್ದು ಇಷ್ಟೇ: ಆರ್ಡರ್ ಕೊಡುವಾಗಲೇ ನಿಮ್ಮ ಹೆಸರು, ನಿಮ್ಮ ಮೊಬೈಲಿನ ಕೊನೆಯ ನಾಲ್ಕು ಅಂಕಿ ಹೇಳಬೇಕು. ಬಿಲ್ ಆದಮೇಲೆ ಹೇಳಿದರೆ ಸೇರಿಸಲು ಆಗುವುದಿಲ್ಲ.

ಇದು ಸೆಪ್ಟೆಂಬರ್ 22ರಿಂದ ಅಕ್ಟೋಬರ್ 22ರ ಬಲಿಪಾಡ್ಯದವರೆಗಿನ ಆರ್ಡರುಗಳಿಗೆ ಮಾತ್ರ. ಒಬ್ಬರು ಐದು ಸ್ನೇಹಿತರ ತನಕ ಕಳಿಸಬಹುದು, ಅಂದರೆ ನಿಮಗೆ 500 ರೂಪಾಯಿವರೆಗೆ. ಒಂದು ಬಿಲ್ಲಿಗೆ 100ರಂತೆ, 300 ರೂಪಾಯಿ ಮೇಲಿನ ಬಿಲ್ಲಿನಲ್ಲಿ ಬಳಸಿ. ಬಳಸಲು ನವೆಂಬರ್ 30 ಕೊನೆಯ ದಿನ. ನಗದಾಗಿ ಕೊಡುವುದಿಲ್ಲ. ಒಂದೇ ಮನೆಯವರು, ಮೊದಲೇ ನಮ್ಮಲ್ಲಿ ಕೊಂಡವರು ಲೆಕ್ಕಕ್ಕಿಲ್ಲ. ಆರ್ಡರ್ ರದ್ದಾದರೆ 100 ರೂಪಾಯಿಯೂ ಇಲ್ಲ.

ಮುಂಬೈ, ಬೆಂಗಳೂರಿನಲ್ಲಿರುವ ನಮ್ಮೂರಿನವರಿಗೂ ಹೇಳಿ, ಅವರಿಗೂ ಇದೇ ಲೆಕ್ಕ. ಕೊರಿಯರ್ ಖರ್ಚು ಬೇರೆ, ಅದು 600ರಲ್ಲಿ ಸೇರದು. ಚತುರ್ದಶಿ ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿ ಅವಲಕ್ಕಿ ಜೊತೆ ಚಕ್ಕುಲಿ ಬೇಕೆಂದರೆ ಅಕ್ಟೋಬರ್ 13ರೊಳಗೆ ಆರ್ಡರ್ ಕೊಡಲಿ. ದಾರಿಯಲ್ಲಿ ಪುಡಿಯಾಗಬಾರದು ಅಂತ ಡಬ್ಬದಲ್ಲಿ ಪದರ ಪದರವಾಗಿ ಕಾಗದ ಇಟ್ಟು ಕಳಿಸುತ್ತೇವೆ.

ಒಂದು ವಿನಂತಿ. ಸ್ನೇಹಿತರ ನಂಬರನ್ನು ನಮಗೆ ಕೊಡಬೇಡಿ. ಕೇಳದವರಿಗೆ ನಾವು ಫೋನ್ ಮಾಡುವುದಿಲ್ಲ. ಇಷ್ಟವಿದ್ದರೆ ಅವರೇ ಮಾತಾಡಲಿ. ಕೆಳಗಿನ ಸಾಲುಗಳಿಗೆ ನಿಮ್ಮ ಹೆಸರು, ನಾಲ್ಕು ಅಂಕಿ ಸೇರಿಸಿ ಕಳಿಸಿದರೆ ಸಾಕು, ಜೊತೆಗೆ ನಮ್ಮ ಈ ನಂಬರನ್ನೂ.

"ನಾನು ಚಕ್ಕುಲಿ, ರವೆ ಉಂಡೆ ತರಿಸುವುದು ಉಡುಪಿಯ ಈ ಅಂಗಡಿಯಿಂದ. ತೆಂಗಿನೆಣ್ಣೆಯಲ್ಲೇ ಕರಿಯುತ್ತಾರೆ. ಅಕ್ಟೋಬರ್ 22ರೊಳಗೆ ಮೊದಲ ಸಲ 600 ರೂಪಾಯಿಯದ್ದು ತಗೊಂಡರೆ ನಿನಗೆ 75 ರೂಪಾಯಿ ಕಡಿಮೆ. ನನಗೂ 100 ಸಿಗುತ್ತದೆ. ಆರ್ಡರ್ ಕೊಡುವಾಗ ನನ್ನ ಹೆಸರು, ಮೊಬೈಲಿನ ಕೊನೆಯ ನಾಲ್ಕು ಅಂಕಿ ಹೇಳು."

ಏನಾದರೂ ಕೇಳುವುದಿದ್ದರೆ ಇದೇ ನಂಬರಿಗೆ ಬರೆಯಿರಿ. ಅಂಗಡಿ ಬೆಳಿಗ್ಗೆ 9ರಿಂದ ರಾತ್ರಿ 8ರ ತನಕ ತೆರೆದಿರುತ್ತದೆ, ಹಬ್ಬ ಮುಗಿಯುವವರೆಗೆ ಭಾನುವಾರವೂ.