ಬೋರ್ಡು ಅಚ್ಚಾಗುವ ಮೊದಲು ಒಮ್ಮೆ ಓದಿ

ಮಾನ್ಯ ಸಂಪಾದಕರೇ,

ನನ್ನ ಮಗಳು ಮೂರನೇ ಕ್ಲಾಸು. ಹೋದ ತಿಂಗಳು ಶಾಲೆಯ ಉಕ್ತಲೇಖನದಲ್ಲಿ ‘ಉಪಹಾರ’ ಎಂದು ಬರೆದಿದ್ದಳು. ಟೀಚರ್ ಕೆಂಪು ಗೆರೆ ಎಳೆದಿದ್ದರು. ‘ಉಪಾಹಾರ’ ಅಂತ ಬರೀಬೇಕು ಕಣೇ ಎಂದೆ. ‘ಅಪ್ಪಾ, ನಾವು ದೋಸೆ ತಿನ್ನೋ ಹೋಟೆಲ್ ಬೋರ್ಡಲ್ಲಿ ಹೀಗೇ ಇದೆ ಅಲ್ವಾ?’ ಎಂದಳು. ಮಾರನೇ ದಿನ ಹೋಗಿ ನೋಡಿದೆ. ಅವಳು ಹೇಳಿದ್ದು ನಿಜ. ಆಳೆತ್ತರದ ಅಕ್ಷರದಲ್ಲಿ ‘ಉಪಹಾರ’ ಎಂದೇ ಇತ್ತು. ಉಪಹಾರ ಎಂದರೆ ಕಾಣಿಕೆ. ತಿಂಡಿಗೆ ಹೇಳುವುದು ಉಪಾಹಾರ, ಅಂದರೆ ಉಪ ಮತ್ತು ಆಹಾರ.

ಅಂದಿನಿಂದ ಬಸ್ ನಿಲ್ದಾಣದ ರಸ್ತೆಯ ಬೋರ್ಡುಗಳನ್ನು ಓದುತ್ತಾ ನಡೆಯುತ್ತಿದ್ದೇನೆ. ‘ಸಸ್ಯಹಾರಿ’, ‘ಔಷದಿ’, ‘ಭೇಕರಿ’, ‘ಕಡಿಮೆ ಧರ’. ಧರ ಎಂದರೆ ಹೊತ್ತವನು, ಗಂಗಾಧರನ ಧರ. ಬೆಲೆಗೆ ದರ ಸಾಕು. ಒಂದು ಕಡೆ ‘ಹಕ್ಕಿ ಮಂಡಿ’ ಇದೆ, ಒಳಗೆ ಇರುವುದು ಸೋನಾ ಮಸೂರಿ ಮೂಟೆ. ನಮ್ಮ ಕಡೆ ಮಾತಿನಲ್ಲಿ ಹಾಲು ‘ಆಲು’ ಆಗುತ್ತದೆ, ಅದು ನಮ್ಮ ನುಡಿ, ಅದರ ಬಗ್ಗೆ ನನಗೆ ತಕರಾರಿಲ್ಲ. ‘ಹ’ ಬಿಟ್ಟುಹೋಗಿದೆಯೇನೋ ಎಂಬ ಅನುಮಾನಕ್ಕೆ ಅಕ್ಕಿಗೂ ಒಂದು ‘ಹ’ ಸೇರಿಸಿರಬೇಕು. ಆದರೆ ಬರಹಕ್ಕೆ ಬಂದಾಗ ಸರಿಯಾಗಿ ಬರೆಯಬೇಕು. ಅದನ್ನು ಮಕ್ಕಳು ದಿನಾ ನೋಡುತ್ತಾರೆ.

ಹಿಂದೆ ಬೋರ್ಡು ಬರೆಯುತ್ತಿದ್ದ ಪೇಂಟರ್‌ಗಳು ದಾರ ಹಿಡಿದು ಗೆರೆ ಹಾಕಿ, ಮೊದಲು ಸೀಮೆಸುಣ್ಣದಲ್ಲಿ ಅಕ್ಷರ ಬರೆದುಕೊಳ್ಳುತ್ತಿದ್ದರು. ಬಣ್ಣ ಬೀಳುವಷ್ಟರಲ್ಲಿ ದಾರಿಹೋಕರಲ್ಲಿ ನಾಲ್ಕು ಜನ ಓದಿರುತ್ತಿದ್ದರು. ತಪ್ಪಿದ್ದರೆ ಒರೆಸಿ ತಿದ್ದುತ್ತಿದ್ದರು.

ಈಗ ಹೇಗೆ ಎಂಬುದು ನನ್ನದೇ ಅಂಗಡಿಯ ಬೋರ್ಡು ಮಾಡಿಸಲು ಹೋದಾಗ ಗೊತ್ತಾಯಿತು. ನನ್ನದು ಪುಸ್ತಕ, ಸ್ಟೇಷನರಿ ಅಂಗಡಿ. ಫ್ಲೆಕ್ಸ್ ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ತೋರಿಸಿದ್ದು ‘ಪುಸ್ತಕ ಬಂಡಾರ’. ‘ಭ’ ಇರಬೇಕಲ್ಲಪ್ಪ ಎಂದೆ. ‘ಸಾರ್, ಜಾಸ್ತಿ ಜನ ಕಲರ್ ನೋಡ್ತಾರೆ, ಫೋಟೋ ನೋಡ್ತಾರೆ, ಓಕೆ ಅಂತಾರೆ. ಅಕ್ಷರ ಯಾರೂ ಓದಲ್ಲ’ ಎಂದ. ತಕ್ಷಣ ತಿದ್ದಿಕೊಟ್ಟ. ಪಾಪ, ಅವನದೊಬ್ಬನದೇ ತಪ್ಪಲ್ಲ. ಗ್ರಾಹಕರು ಇಂಗ್ಲಿಷಿನಲ್ಲಿ ಹೆಸರು ಕಳಿಸುತ್ತಾರೆ, ಅವನು ಫೋನಿನಲ್ಲಿ ಅದನ್ನು ಕನ್ನಡ ಮಾಡಿಕೊಳ್ಳುತ್ತಾನೆ. ಫೋನಿನ ಯೂನಿಕೋಡ್ ಅಕ್ಷರವನ್ನು ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ತಂದು ಹಾಕಿದರೆ ಒತ್ತಕ್ಷರಗಳು ಒಡೆದುಹೋಗುತ್ತವೆ. ‘ಎಲೆಕ್ಟ್ರಿಕಲ್ಸ್’ ಎಂಬ ಪದದಲ್ಲಿ ಒತ್ತುಗಳೆಲ್ಲ ಪಕ್ಕಕ್ಕೆ ಬಂದು ಸಾಲಾಗಿ ನಿಂತಿದ್ದನ್ನು ಅಲ್ಲೇ ಕಣ್ಣಾರೆ ಕಂಡೆ. ಅದು ಹಾಗೇ ಅಚ್ಚಾಗಿ ಯಾವುದೋ ಅಂಗಡಿಯ ಮೇಲೆ ನಾಲ್ಕೈದು ವರ್ಷ ಕೂರುತ್ತದೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದು, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲೇ ಇರಬೇಕು ಎಂದಾಯಿತು. ತುಂಬಾ ಸಂತೋಷ. ಕನ್ನಡ ಅಕ್ಷರ ದೊಡ್ಡದಾಯಿತು. ಆದರೆ ಅವಸರದಲ್ಲಿ ಬೋರ್ಡು ಬದಲಿಸಿದ ಕಡೆ ತಪ್ಪೂ ಅಷ್ಟೇ ದೊಡ್ಡದಾಗಿ ಕಾಣುತ್ತಿದೆ. ಬೋರ್ಡು ನೋಡಲು ಬರುವ ಅಧಿಕಾರಿಗಳು ಕನ್ನಡ ಎಷ್ಟಿದೆ ಎಂದು ಅಳೆಯುವಾಗ ಏನು ಬರೆದಿದೆ ಎಂದೂ ಓದಲಿ. ದಂಡ ಹಾಕುವುದು ಬೇಡ, ತಪ್ಪನ್ನು ತೋರಿಸಿ ತಿದ್ದಲು ಸಮಯ ಕೊಟ್ಟರೆ ಸಾಕು. ವ್ಯಾಪಾರ ಪರವಾನಗಿ ನವೀಕರಣಕ್ಕೆ ಹೋದಾಗಲೇ ಇದನ್ನು ಮಾಡಬಹುದು. ಫ್ಲೆಕ್ಸ್ ಅಂಗಡಿಯವರು ಅಚ್ಚಿಗೆ ಮೊದಲು ಗ್ರಾಹಕರಿಂದ ಅಕ್ಷರ ಅಕ್ಷರವಾಗಿ ಜೋರಾಗಿ ಓದಿಸಲಿ. ಎರಡು ನಿಮಿಷದ ಕೆಲಸ.

ತಿದ್ದಲು ಜನ ಒಪ್ಪುವುದಿಲ್ಲ ಎನ್ನುವುದೂ ಸುಳ್ಳು. ಆ ಹೋಟೆಲ್ ಮಾಲೀಕರಿಗೆ ಕಾಫಿ ಕುಡಿಯುತ್ತಾ ವಿಷಯ ಹೇಳಿದೆ. ಬೇಸರ ಮಾಡಿಕೊಳ್ಳಲಿಲ್ಲ. ‘ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲ ಗೌಡ್ರೆ’ ಎಂದರು. ವಾರದೊಳಗೆ ಕೆಂಪು ಸ್ಟಿಕ್ಕರ್ ಕತ್ತರಿಸಿ ‘ಪ’ಗೆ ದೀರ್ಘ ಅಂಟಿಸಿದರು. ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಆದರೆ ಪದ ಸರಿಯಾಗಿದೆ. ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ ಬಂದೆ.

ನನ್ನ ಅಂಗಡಿಯ ಗಲ್ಲಾ ಪಕ್ಕದಲ್ಲಿ ಒಂದು ಕನ್ನಡ ನಿಘಂಟು ಇಟ್ಟಿದ್ದೇನೆ. ನಮ್ಮ ಊರಿನಲ್ಲಿ ಬೋರ್ಡು ಮಾಡಿಸುವವರು ಯಾರೇ ಆಗಲಿ, ಬಂದು ನೋಡಿಕೊಂಡು ಹೋಗಬಹುದು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಬಾಗಿಲು ತೆಗೆದಿರುತ್ತದೆ.

ಕೆ.ಎನ್. ರಾಮೇಗೌಡ
ಚನ್ನರಾಯಪಟ್ಟಣ