ಪರಿಹಾರದ ಲೆಕ್ಕ: ರೇಣುಕಮ್ಮ ಅವರ ಮನೆಯವರಿಗೆ

ದಾವಣಗೆರೆ
ದಿನಾಂಕ: 22-08-2025

ರೇಣುಕಮ್ಮನವರಿಗೆ ನಮಸ್ಕಾರ.

ಮೊನ್ನೆ ಕೋರ್ಟ್ ಹೊರಗೆ ನಿಮ್ಮತ್ತೆ ಕೇಳಿದರು: "ಐವತ್ತು ಲಕ್ಷ ಕೇಳಿದ್ರಿ, ಮೂವತ್ತೆರಡೇ ಯಾಕೆ ಬಂತು?" ಆ ಗದ್ದಲದಲ್ಲಿ ನಾನು ಸರಿಯಾಗಿ ಹೇಳಲಿಲ್ಲ, ಹೇಳಿದ್ದರೂ ಯಾರ ತಲೆಗೂ ಹೋಗುತ್ತಿರಲಿಲ್ಲ. ಈಗ ಆದೇಶದ ಪ್ರತಿ ಕೈಗೆ ಬಂದಿದೆ. ಯಾವ ಬಾಬ್ತಿಗೆ ಎಷ್ಟು, ಯಾಕೆ ಅಂತ ಬರೆದಿದ್ದೇನೆ. ಮಗಳು ಓದಿ ಹೇಳಲಿ. ಅತ್ತೆಯವರೂ ಪಕ್ಕದಲ್ಲಿ ಕೂತು ಕೇಳಲಿ.

2022ರಲ್ಲಿ ಲಾರಿ ಗುದ್ದಿ ನಿಮ್ಮ ಯಜಮಾನರು ತೀರಿಕೊಂಡ ಕೇಸಿನಲ್ಲಿ ನ್ಯಾಯಮಂಡಳಿ 12-08-2025ರಂದು ಕೊಟ್ಟ ಒಟ್ಟು ಪರಿಹಾರ 32,45,850 ರೂಪಾಯಿ. ಬಡ್ಡಿ ಬೇರೆ. ನಾವು ಅರ್ಜಿಯಲ್ಲಿ ಬರೆದ 50 ಲಕ್ಷ ಕೇಳಿಕೆ ಅಷ್ಟೇ. ನ್ಯಾಯಾಧೀಶರು ಆ ಅಂಕಿಯಿಂದ ಕಡಿತ ಮಾಡುತ್ತಾ ಬರುವುದಿಲ್ಲ. ಸೊನ್ನೆಯಿಂದ ಕಟ್ಟಿಕೊಂಡು ಬರುತ್ತಾರೆ. ಹಾಗಾಗಿ 18 ಲಕ್ಷ ಯಾರೋ ಹೊಡೆದುಕೊಂಡರು ಅನ್ನೋ ಮಾತು ಊರಲ್ಲಿ ಬಂದರೆ ನಂಬಬೇಡಿ.

ದೊಡ್ಡ ಮೊತ್ತ ಇರುವುದು ಒಂದೇ ಬಾಬ್ತಿನಲ್ಲಿ. ನಿಮ್ಮ ಯಜಮಾನರು ಬದುಕಿದ್ದರೆ ಮನೆಗೆ ಎಷ್ಟು ತಂದು ಹಾಕುತ್ತಿದ್ದರು ಅನ್ನುವುದು. ಕೋರ್ಟ್ ಭಾಷೆಯಲ್ಲಿ ಅವಲಂಬನೆ ನಷ್ಟ. ಇದಕ್ಕೇ 29,29,500 ಬಂದಿದೆ.

ಇದರ ಬುಡ ತಿಂಗಳ ಆದಾಯ. ಗಾರೆ ಮೇಸ್ತ್ರಿ, ದಿನಕ್ಕೆ 1,000 ರೂಪಾಯಿ, ತಿಂಗಳಿಗೆ 25,000 ಅಂತ ನಾವು ಹೇಳಿದ್ದೆವು. ಕಟ್ಟಡ ಕಾರ್ಮಿಕರ ಕಾರ್ಡ್ ಕೊಟ್ಟೆವು. ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರ್ ಬಂದು ಸಾಕ್ಷಿಯನ್ನೂ ಹೇಳಿದರು. ಆದರೆ ಲಾರಿಯ ಇನ್ಶೂರೆನ್ಸ್ ಕಂಪನಿಯ ವಕೀಲರು "ಕೂಲಿ ಕೊಟ್ಟ ಪುಸ್ತಕ ತೋರಿಸಿ" ಅಂದಾಗ ಅವರ ಹತ್ತಿರ ಏನೂ ಇರಲಿಲ್ಲ. ಬಟವಾಡೆಯೆಲ್ಲ ಶನಿವಾರ ಸಂಜೆ ಕೈಗೆ ಕೈ. ಬ್ಯಾಂಕ್ ಪಾಸ್‌ಬುಕ್‌ನಲ್ಲೂ ಜಮಾ ಆಗಿದ್ದು ಕಮ್ಮಿ. ಕಾರ್ಡ್‌ನಿಂದ ಕೆಲಸ ಏನು ಅಂತ ಗೊತ್ತಾಯಿತು, ಸಂಬಳ ಎಷ್ಟು ಅಂತ ಗೊತ್ತಾಗಲಿಲ್ಲ. ದಾಖಲೆ ಇಲ್ಲದಾಗ ಕರ್ನಾಟಕದ ಕೋರ್ಟ್‌ಗಳು ಅಪಘಾತ ಆದ ವರ್ಷ ನೋಡಿ ಒಂದು ಅಂದಾಜು ಆದಾಯ ಹಿಡಿಯುತ್ತವೆ. ಲೋಕ ಅದಾಲತ್‌ಗೆ ಅಂತ ಮಾಡಿದ ಪಟ್ಟಿ ಅದಕ್ಕೆ ಆಧಾರ. ನಿಮ್ಮ ಕೇಸಿನಲ್ಲಿ 2022ಕ್ಕೆ ಅಂತ 15,500 ಹಿಡಿದಿದ್ದಾರೆ. ದಾವಣಗೆರೆಯಲ್ಲಿ ಒಳ್ಳೆ ಮೇಸ್ತ್ರಿಗೆ ಇದು ಕಮ್ಮಿಯೇ. ನನಗೂ ಸಮಾಧಾನ ಇಲ್ಲ. ಆದರೆ ಕಾಗದ ಇಲ್ಲದ ದುಡಿಮೆಗೆಲ್ಲ ಈ ಗತಿ.

ಈ 15,500ಕ್ಕೆ ಶೇ 40 ಸೇರಿಸಿದ್ದಾರೆ, ಅಂದರೆ 6,200. ಆಳು ಬದುಕಿದ್ದರೆ ಕೂಲಿ ಇದ್ದಲ್ಲೇ ಇರುತ್ತಿರಲಿಲ್ಲ, ವರ್ಷ ಹೋದಂತೆ ಏರುತ್ತಿತ್ತು ಅಲ್ವಾ? ಅದಕ್ಕೆ. 2017ರಲ್ಲಿ ಸುಪ್ರೀಂ ಕೋರ್ಟ್ ಪ್ರಣಯ್ ಸೇಥಿ ಕೇಸಿನಲ್ಲಿ ಇದನ್ನು ಗೊತ್ತು ಮಾಡಿತು. ಸ್ವಂತ ದುಡಿಮೆಯವರಿಗೆ 40 ವರ್ಷದ ಒಳಗಿದ್ದರೆ ಶೇ 40, 40ರಿಂದ 50ಕ್ಕೆ ಶೇ 25, 50ರಿಂದ 60ಕ್ಕೆ ಶೇ 10. ಹೀಗೆ ತಿಂಗಳಿಗೆ 21,700 ಆಯಿತು.

ಮುಂದಿನದು ಅತ್ತೆಯವರಿಗೆ ಬೇಜಾರಾದ ವಿಷಯ. 21,700ರಲ್ಲಿ ಕಾಲು ಭಾಗ, 5,425 ರೂಪಾಯಿ, ಕಳೆದಿದ್ದಾರೆ. "ನನ್ನ ಮಗ ಉಂಡ ಅನ್ನಕ್ಕೂ ಲೆಕ್ಕ ಹಾಕಿದ್ರಾ?" ಅಂದರು ಅವರು. ಹೌದಮ್ಮ, ಲೆಕ್ಕ ಹಾಗೇ ಇರೋದು. ಅವರು ದುಡಿದಿದ್ದರಲ್ಲಿ ಊಟ, ಬಟ್ಟೆ, ಬೈಕ್ ಪೆಟ್ರೋಲ್ ಅಂತ ತಮಗೂ ಸ್ವಲ್ಪ ಬೇಕಿತ್ತು. ಮನೆಗೆ ನಷ್ಟ ಆಗಿದ್ದು ಅದು ಬಿಟ್ಟು ಉಳಿದದ್ದು. ಎಷ್ಟು ಕಳೆಯಬೇಕು ಅನ್ನುವುದು ನಂಬಿಕೊಂಡ ತಲೆಗಳ ಮೇಲೆ ಹೋಗುತ್ತದೆ. ಇಬ್ಬರು ಮೂವರಿದ್ದರೆ ಮೂರನೇ ಒಂದು ಭಾಗ, ನಾಲ್ಕರಿಂದ ಆರು ಜನ ಇದ್ದರೆ ಕಾಲು ಭಾಗ. ನೀವು, ಇಬ್ಬರು ಮಕ್ಕಳು, ಅತ್ತೆ ಸೇರಿ ನಾಲ್ಕು ಜನ. ಅತ್ತೆಯವರ ಹೆಸರು ಅರ್ಜಿಯಲ್ಲಿ ಇಲ್ಲದಿದ್ದರೆ ಮೂರನೇ ಒಂದು ಭಾಗವೇ ಹೋಗುತ್ತಿತ್ತು. ಅವರಿಂದಾಗಿಯೇ ಕಡಿತ ಕಮ್ಮಿಯಾಗಿದೆ ಅಂತ ಅವರಿಗೆ ಹೇಳಿ.

ಕಳೆದು ಉಳಿದದ್ದು ತಿಂಗಳಿಗೆ 16,275. ವರ್ಷಕ್ಕೆ 1,95,300. ಇದನ್ನು 15ರಿಂದ ಗುಣಿಸಿದರೆ 29,29,500.

15 ಯಾಕೆ, 60 ವರ್ಷದವರೆಗೆ ದುಡಿಯುತ್ತಿದ್ದರಲ್ಲ, 22 ಯಾಕಲ್ಲ ಅಂತ ನಿಮ್ಮ ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. 22 ವರ್ಷದಲ್ಲಿ ಚೂರುಚೂರೇ ಬರಬೇಕಿದ್ದ ದುಡ್ಡು ಈಗ ಒಂದೇ ಸಲ ಬರುತ್ತದೆ, ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಹುಟ್ಟುತ್ತದೆ. ಆಯಸ್ಸು, ಆರೋಗ್ಯ ಯಾರ ಕೈಲಿ ಇದೆ ಅನ್ನುವುದನ್ನೂ ಹಿಡಿಯುತ್ತಾರೆ. ಅದಕ್ಕೆ ವಯಸ್ಸಿಗೆ ತಕ್ಕ ಒಂದು ಪಟ್ಟಿ ಇದೆ. 2009ರ ಸರಳಾ ವರ್ಮಾ ತೀರ್ಪಿನದು. 36ರಿಂದ 40ಕ್ಕೆ 15, 41ರಿಂದ 45ಕ್ಕೆ 14. ಇಡೀ ದೇಶಕ್ಕೆ ಇದೇ ಪಟ್ಟಿ. ಇದರಲ್ಲಿ ವಾದ ಮಾಡೋಕೆ ಜಾಗ ಇಲ್ಲ.

ಜಾಗ ಇದ್ದದ್ದು ವಯಸ್ಸಿನಲ್ಲಿ. ಆಧಾರ್ ಕಾರ್ಡ್‌ನಲ್ಲಿ ಹುಟ್ಟಿದ ದಿನ 01-01-1981 ಅಂತಿತ್ತು. ನಮ್ಮ ಕಡೆ ಅರ್ಧ ಊರು ಜನವರಿ ಒಂದಕ್ಕೇ ಹುಟ್ಟಿದೆ! ಕಂಪನಿಯವರು ಅದನ್ನೇ ಹಿಡಿದುಕೊಂಡು 41 ವರ್ಷ ಅಂದರು. ಆಗ ನಿಮ್ಮ ಮೈದುನ ಸರ್ಕಾರಿ ಶಾಲೆಗೆ ಅಲೆದು ದಾಖಲಾತಿ ರಿಜಿಸ್ಟರಿನ ನಕಲು ತಂದ ನೋಡಿ, ಮುಖ್ಯೋಪಾಧ್ಯಾಯರ ಸೀಲ್ ಹಾಕಿಸಿ. ಅದರಲ್ಲಿ 12-06-1984. ಅಪಘಾತದ ದಿನ 38 ವರ್ಷ. ಆಧಾರ್ ಗುರುತಿಗೆ ಸರಿ, ಹುಟ್ಟಿದ ದಿನಕ್ಕೆ ಪುರಾವೆ ಅಲ್ಲ ಅಂತ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪರಿಹಾರದ ಕೇಸಿನಲ್ಲಿ ಹೇಳಿ, ಶಾಲೆಯ ದಾಖಲೆಯನ್ನು ಒಪ್ಪಿತ್ತು. ಆ ತೀರ್ಪು ಕೊಟ್ಟೆವು, ನ್ಯಾಯಾಧೀಶರು ಒಪ್ಪಿದರು. 41 ಅಂತ ಹಿಡಿದಿದ್ದರೆ ಸೇರಿಸುವುದು ಶೇ 25, ಗುಣಿಸುವುದು 14. ಬರುತ್ತಿದ್ದದ್ದು 24,41,250. ಆ ಒಂದು ಹಾಳೆಯಿಂದ ನಿಮಗೆ 4,88,250 ಉಳಿದಿದೆ. ಮೈದುನನ ಪಾಲಿಗೆ ಏನೂ ಬಂದಿಲ್ಲ. ಬೇರೆ ಮನೆ ಮಾಡಿ ದುಡಿಯುವ ತಮ್ಮ ಅಣ್ಣನ ದುಡಿಮೆ ನಂಬಿದವನು ಅಂತ ಆಗುವುದಿಲ್ಲ. ಆದರೆ ಈ ಮಾತು ಅವನಿಗೆ ಮುಟ್ಟಲಿ.

ಉಳಿದ ಬಾಬ್ತುಗಳು ಸಣ್ಣವು. ಗಂಡನನ್ನು, ಅಪ್ಪನನ್ನು, ಮಗನನ್ನು ಕಳೆದುಕೊಂಡದ್ದಕ್ಕೆ, ಅಂದರೆ ಒಡನಾಟದ ನಷ್ಟಕ್ಕೆ, ಒಬ್ಬೊಬ್ಬರಿಗೆ 48,400ರಂತೆ ನಾಲ್ವರಿಗೆ 1,93,600. 2017ರಲ್ಲಿ ಇದು 40,000 ಇತ್ತು. ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಿ ಅಂದಿದ್ದಕ್ಕೆ ಎರಡು ಸಲ ಏರಿದೆ. ಮೊದಲು ಹೆಂಡತಿಗಷ್ಟೇ ಕೊಡುತ್ತಿದ್ದರು. ಮಕ್ಕಳಿಗೂ ತಂದೆತಾಯಿಗೂ ಕೊಡಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರೀತಿ ವಾತ್ಸಲ್ಯಕ್ಕೆ ಅಂತ ಈಗ ಬೇರೆ ಬಾಬ್ತು ಇಲ್ಲ, ಅದೂ ಇದರಲ್ಲೇ ಬಂತು. ಮನುಷ್ಯನಿಗೆ ಇದು ಬೆಲೆ ಅಂತ ದಯವಿಟ್ಟು ತಿಳಿಯಬೇಡಿ. ಕೋರ್ಟ್‌ಗೊಂದು ಅಂಕಿ ಬೇಕು, ಎಲ್ಲರಿಗೂ ಒಂದೇ ಅಂಕಿ ಇಟ್ಟಿದ್ದಾರೆ.

ಅಂತ್ಯಕ್ರಿಯೆಗೆ 18,150. ನೀವು ಮಣ್ಣಿನಿಂದ ತಿಥಿವರೆಗೆ ಇದರ ಮೂರು ಪಟ್ಟು ಖರ್ಚು ಮಾಡಿದ್ದೀರಿ, ಗೊತ್ತು. ಇದೂ ನಿಗದಿ ಮಾಡಿದ ಮೊತ್ತ. ರಸೀದಿ ಕೇಳುವುದಿಲ್ಲ, ಜಾಸ್ತಿಯೂ ಕೊಡುವುದಿಲ್ಲ. ಅವರು ಮುಂದೆ ಉಳಿಸಿ ಬಿಟ್ಟುಹೋಗಬಹುದಾಗಿದ್ದ ಆಸ್ತಿಪಾಸ್ತಿ ಲೆಕ್ಕಕ್ಕೆ ಇನ್ನೊಂದು 18,150.

ಆಸ್ಪತ್ರೆಯ ಎರಡು ದಿನಕ್ಕೆ 86,450. ಇದು ಮಾತ್ರ ಪಕ್ಕಾ ಬಿಲ್ ಲೆಕ್ಕ. ನೀವು ಒಂದು ಲಕ್ಷ ದಾಟಿತ್ತು ಅಂದಿರಿ, ಸುಳ್ಳಲ್ಲ. ರಾತ್ರಿ ಹೊರಗಿನ ಅಂಗಡಿಯಿಂದ ತಂದ ಔಷಧಿಯ ಚೀಟಿಗಳು ಸಿಗಲಿಲ್ಲ, ಅಷ್ಟು ಹೋಯಿತು.

ಎಲ್ಲ ಕೂಡಿದರೆ 29,29,500 + 1,93,600 + 18,150 + 18,150 + 86,450 = 32,45,850.

ಇದರಲ್ಲಿ ತಪ್ಪಿನ ಪಾಲು ಅಂತ ಏನೂ ಕಳೆದಿಲ್ಲ, ಅದು ದೊಡ್ಡದು. ಹೆಲ್ಮೆಟ್ ಇರಲಿಲ್ಲ, ಬೈಕಿನವರದ್ದೂ ತಪ್ಪಿದೆ ಅಂತ ಕಂಪನಿ ವಾದ ಮಾಡಿತ್ತು. ಆದರೆ ಲಾರಿ ಹಿಂದಿನಿಂದ ಬಂದು ಗುದ್ದಿದ್ದು ಪೊಲೀಸರ ನಕ್ಷೆಯಲ್ಲಿ ಸ್ಪಷ್ಟ ಇದೆ. ಬೈಕ್ ಆನಗೋಡು ಹತ್ತಿರ ಹೈವೇಯ ಎಡ ಅಂಚಿನಲ್ಲೇ ಬಿದ್ದಿತ್ತು. ಚಾರ್ಜ್‌ಶೀಟ್ ಲಾರಿ ಡ್ರೈವರ್ ಮೇಲೆ. ಕಂಪನಿ ಒಬ್ಬ ಸಾಕ್ಷಿಯನ್ನೂ ತರಲಿಲ್ಲ. ಶೇ 10 ಹಿಡಿದಿದ್ದರೂ ಮೂರು ಲಕ್ಷದ ಮೇಲೆ ಹೋಗುತ್ತಿತ್ತು. ಲಾರಿಯ ಇನ್ಶೂರೆನ್ಸ್, ಡ್ರೈವರ್ ಲೈಸೆನ್ಸ್ ಎರಡೂ ಚಾಲ್ತಿಯಲ್ಲಿದ್ದವು. ಹಾಗಾಗಿ ದುಡ್ಡು ಕಟ್ಟಬೇಕಾದ್ದು ಕಂಪನಿಯೇ, ಲಾರಿ ಮಾಲೀಕನ ಹಿಂದೆ ಅಲೆಯಬೇಕಿಲ್ಲ.

ಬಡ್ಡಿ ವರ್ಷಕ್ಕೆ ಶೇ 6. ಅಪಘಾತದ ದಿನದಿಂದ ಅಲ್ಲ, ಅರ್ಜಿ ಹಾಕಿದ 06-03-2023ರಿಂದ, ಕಂಪನಿ ದುಡ್ಡು ಕಟ್ಟುವವರೆಗೆ. ಚಕ್ರಬಡ್ಡಿ ಇಲ್ಲ. ವರ್ಷಕ್ಕೆ 1,94,751 ಆಗುತ್ತದೆ. ಸೆಪ್ಟೆಂಬರ್ 6ಕ್ಕೆ ಕಟ್ಟಿದರು ಅಂದುಕೊಳ್ಳಿ, ಎರಡೂವರೆ ವರ್ಷಕ್ಕೆ ಬಡ್ಡಿ 4,86,877, ಒಟ್ಟು 37,32,727. ಈ ವರ್ಷ, 2025ರಲ್ಲಿ, ಇರುವ ನಿಯಮದಂತೆ ಬಡ್ಡಿಯಲ್ಲಿ ಟಿಡಿಎಸ್ ಅಂತ ತೆರಿಗೆ ಹಿಡಿಯಬಹುದು. ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಶೇ 10ರ ಬದಲು ಶೇ 20 ಹೋಗುತ್ತದೆ. ಹಾಗಾಗಿ ನಿಮ್ಮದೂ ಅತ್ತೆಯವರದೂ ಪ್ಯಾನ್ ಈಗಲೇ ಮಾಡಿಸಿ.

ಹಂಚಿಕೆ ಹೀಗಿದೆ. ನಿಮಗೆ ಶೇ 40, ಅಂದರೆ 12,98,340. ಮಗಳಿಗೂ ಮಗನಿಗೂ ಶೇ 25ರಂತೆ ತಲಾ 8,11,462 ರೂಪಾಯಿ 50 ಪೈಸೆ. ಅತ್ತೆಗೆ ಶೇ 10, 3,24,585. ಎಲ್ಲರಿಗೂ ಅವರವರ ಪಾಲಿನ ಬಡ್ಡಿ ಸೇರುತ್ತದೆ. ಮಕ್ಕಳ ಹಣ 18 ತುಂಬುವವರೆಗೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ. ಅದರ ಬಡ್ಡಿಯನ್ನು ನೀವು ಅವರ ಓದಿಗೆ ತೆಗೆಯಬಹುದು. ನಿಮ್ಮ ಪಾಲಿನಲ್ಲಿ ಅರ್ಧ ಮೂರು ವರ್ಷ ಎಫ್‌ಡಿ, ಅರ್ಧ ಖಾತೆಗೆ. ಅತ್ತೆಯದು ಪೂರ್ತಿ ಖಾತೆಗೆ.

ಅಪೀಲಿನ ಮಾತು. ಬೆಂಗಳೂರಿನ ಹೈಕೋರ್ಟ್‌ಗೆ ಹೋಗಲು 90 ದಿನ ಇದೆ, ನವೆಂಬರ್ 10ರವರೆಗೆ. ಜಾಸ್ತಿ ಕೇಳಲು ನಮಗಿರುವುದು 15,500 ಒಂದೇ. ಕಾಗದ ಇಲ್ಲದ ಕೇಸಿನಲ್ಲಿ ಹೈಕೋರ್ಟ್ ನೋಡುವುದೂ ಅದೇ ಪಟ್ಟಿ. ಸುಮ್ನೆ ಹೋಗೋದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೂಲಿ ಬರೆದಿಟ್ಟ ಡೈರಿ, ಫೋನ್‌ಪೇ ಜಮಾ, ಏನಾದರೂ ಹೊಸದು ಮನೆಯಲ್ಲಿ ಸಿಕ್ಕರೆ ತನ್ನಿ, ಆಗ ಯೋಚಿಸೋಣ. ಕಂಪನಿ ಅಪೀಲು ಹಾಕಿದರೆ ಅದು ಬೇರೆ ಮಾತು, ನಾನು ತಿಳಿಸುತ್ತೇನೆ.

ಕಂಪನಿಗೆ ಹಣ ಕಟ್ಟಲು 30 ದಿನ ಇದೆ. ಅಷ್ಟರಲ್ಲಿ "ದುಡ್ಡು ಬೇಗ ಬಿಡಿಸಿಕೊಡ್ತೀವಿ, ಇಷ್ಟು ಪರ್ಸೆಂಟ್ ಕೊಡಿ" ಅಂತ ಫೋನ್ ಬರಬಹುದು. ಇಂಥವರಿಗೆ ಆದೇಶದ ವಾಸನೆ ನಮಗಿಂತ ಮೊದಲೇ ಹತ್ತುತ್ತದೆ. ಓಟಿಪಿ, ಸಹಿ ಮಾಡಿದ ಖಾಲಿ ಚೆಕ್ಕು ಯಾರಿಗೂ ಕೊಡಬೇಡಿ, ನನ್ನ ಹೆಸರು ಹೇಳಿದರೂ ಕೊಡಬೇಡಿ. ಹಣ ಕೋರ್ಟ್‌ನಿಂದ ನೇರ ನಿಮ್ಮ ಖಾತೆಗೇ ಬರುತ್ತದೆ.

ಮುಂದಿನ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆಫೀಸಿಗೆ ಬನ್ನಿ. ನಾಲ್ವರ ಆಧಾರ್, ನಿಮ್ಮ ಮತ್ತು ಅತ್ತೆಯ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್, ಮಕ್ಕಳ ಜನನ ಪ್ರಮಾಣಪತ್ರ, ಎಲ್ಲರದೂ ಎರಡೆರಡು ಫೋಟೋ ತನ್ನಿ. ಅತ್ತೆಯವರಿಗೆ ಮೆಟ್ಟಿಲು ಹತ್ತೋಕೆ ಕಷ್ಟ ಆದರೆ ಕೆಳಗೆ ಆಟೋದಲ್ಲೇ ಕೂತಿರಲಿ, ನಾನೇ ಇಳಿದು ಬಂದು ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತೇನೆ.

ಇಂತಿ,
ನಿಮ್ಮ ವಕೀಲರು