ಯಾರು ಹೇಗೆ ತಿನ್ನುವರು?

ಹೊಟ್ಟೆಯ ಹಸಿವಿಗೆ ಹೆಸರೊಂದಾದರು ತಿನ್ನುವ ಮಾತಿಗೆ ಹೆಸರೆಷ್ಟು!
ಬನ್ನಿರಿ ಮಕ್ಕಳೆ, ಒಟ್ಟಿಗೆ ನೋಡುವ, ಅಜ್ಜಿಯ ಊರಲಿ ಪದವೆಷ್ಟು!

ಹಟ್ಟಿಯ ಹೊರಗಡೆ ಹಸುರಿನ ಹುಲ್ಲನು ಹಸುವದು ದಿನವೂ ಮೇಯುವುದು;
ತಿಂದುದನೆಲ್ಲಾ ಹೊಂಗೆಯ ನೆರಳಲಿ ಮೆಲುಕನು ಹಾಕುತ ಜಗಿಯುವುದು.

ಅಂಗಳದೊಳಗಡೆ ಅಜ್ಜಿಯು ಚೆಲ್ಲಿದ ರಾಗಿಯ ಕೋಳಿಯು ಹೆಕ್ಕುವುದು;
ಅಡುಗೆಯ ಮನೆಯಲಿ ಹಾಲಿನ ಬಟ್ಟಲ ಬೆಕ್ಕಿನ ನಾಲಿಗೆ ನೆಕ್ಕುವುದು.

ಕಡಲೆಯ ಬೀಜವನೆರಡೂ ಕೈಯಲಿ ತಿರುಗಿಸಿ ತಿರುಗಿಸಿ ಅಳಿಲೊಂದು,
ಬೇಲಿಯ ಕಲ್ಲಿನ ತುದಿಯಲಿ ಕೂರುತ, ಬಾಲವ ಬೆನ್ನಿನ ಬಳಿ ತಂದು,
ಮುಂದಿನ ಹಲ್ಲಲಿ ಕುರುಕುರು ಎನ್ನುತ ಚೂರೇ ಚೂರನು ಮೆಲ್ಲುವುದು;
ಎಲೆಗಳ ಸದ್ದನು ಕೇಳಿದ ಕೂಡಲೆ ಕಿವಿಯನು ನಿಮಿರಿಸಿ ನಿಲ್ಲುವುದು.

ತಟ್ಟೆಯ ತುಂಬಾ ರೇಷ್ಮೆಯ ಹುಳುಗಳು ಹಿಪ್ಪುನೇರಳೆಯ ಸೊಪ್ಪನ್ನು
ಮಳೆಹನಿ ಬಿದ್ದಿತೊ ಎನ್ನುವ ಸದ್ದಲಿ ಮುಕ್ಕುತ ಉಳಿಸಿವೆ ತೊಟ್ಟನ್ನು.

ಕೊಳದಲಿ ಕೂತಿಹ ಕಪ್ಪೆಗೆ ಹಲ್ಲಲಿ ಜಗಿಯುವ ಗೋಜೇ ಬೇಕಿಲ್ಲ;
ನಾಲಿಗೆ ಚಾಚುತ ನೊಣವನು ಸೆಳೆಯುತ ನುಂಗಿದರಾಯಿತು, ಸದ್ದಿಲ್ಲ!

ನಾಗರಹೊಳೆಯಲಿ ಹಸಿದಿಹ ಹೆಬ್ಬುಲಿ ಮಾಂಸವ ಗಬಗಬ ಕಬಳಿಸಿತು;
ಕಬಿನಿಯ ನೀರನು ಕುಡಿಯುತ ತಣಿಯುತ ಬಿದಿರಿನ ಮೆಳೆಯಲಿ ವಿರಮಿಸಿತು.

ಚಕ್ಕುಲಿ ಮುರಿಯುತ ತಮ್ಮನು ಕಟಕಟ ಕಡಿಯುವ ಜಗಲಿಯ ಬದಿಯಲ್ಲಿ;
ಮಾವಿನ ಗೊರಟೆಯ ತಂಗಿಯು ಚೀಪಲು ರಸವಿದೆ ಮೊಣಕೈ ತುದಿಯಲ್ಲಿ.

ಬಿಸಿಬಿಸಿ ಸಾರಲಿ ಮುದ್ದೆಯ ತುತ್ತನು ಅದ್ದುತ ಅಜ್ಜನು ನುಂಗುವನು;
"ಜಗಿಯಲು ಬಾರದು, ಜಾರಿಸಬೇಕು!" ಎನ್ನುತ ನನ್ನೆಡೆ ಬಾಗುವನು.

ಅಮ್ಮನು ಬಡಿಸಿದ ಪಾಯಸ ಸವಿಯುತ ಬಾಯನು ನಾನೂ ಚಪ್ಪರಿಸಿದೆನು;
"ಸಾಕೇ?" ಎಂದರೆ ಬಾಳೆಯ ಎಲೆಯಲಿ ಬೆರಳನು ಎಳೆಯುತ "ಬೇಕು" ಎಂದೆನು!